ಯಶವಂತ ಸುಟ್ಟ ಹಣೆಗಳು

ಯಶವಂತನ ಮಗಳ ಮದುವೆಗೆ ನನಗೆ ಆಮಂತ್ರಣ ಇರಲಿಲ್ಲ. ಆದರೂ ಹೋದೆ, ಹೊಸ ಸೀರೆ ಉಟ್ಟುಕೊಂಡೇ ಹೋದೆ. ಯಾರಾದರೂ ಕೇಳಿದರೆ ಕೆಲಸಕ್ಕೆ ಹೋಗಿದ್ದೆ ಎನ್ನುತ್ತೇನೆ. ಅದು ಅರ್ಧ ನಿಜ. ಆ ಮನುಷ್ಯನ ಮುಖ ನಾಲ್ಕು ಜನರ ಮುಂದೆ ಇಳಿಯುವುದನ್ನು ಹತ್ತಿರದಿಂದ ನೋಡಬೇಕಾಗಿತ್ತು ಎನ್ನುವುದು ಇನ್ನರ್ಧ.

ನಾನು ವಿದ್ಯಾವತಿ. ಫೋಟೋ ಎಡಿಟಿಂಗ್ ನನ್ನ ಕಸುಬು. ಸ್ಟೇಶನ್ ಬಜಾರದಲ್ಲಿರುವ ಯಶವಂತನ ಸ್ಟುಡಿಯೋದಲ್ಲಿ ಎಂಟು ವರ್ಷ ಕೂತು, ಅವನು ತೆಗೆದ ಮದುವೆಗಳ ಮುಖ ತಿದ್ದಿದ್ದೇನೆ. ಬೆವರು ಒರೆಸಿದ್ದೇನೆ, ಮೊಡವೆ ತೆಗೆದಿದ್ದೇನೆ, ಕಣ್ಣು ಮುಚ್ಚಿಕೊಂಡ ಬೀಗರಿಗೆ ಇನ್ನೊಂದು ಫೋಟೋದಿಂದ ಕಣ್ಣು ತಂದು ಕೂಡಿಸಿದ್ದೇನೆ. ಯಶವಂತ ಕೆಟ್ಟ ಫೋಟೋಗ್ರಾಫರ್ ಅಲ್ಲ. ಆದರೆ ಅವನಿಗೆ ಒಂದು ರೋಗವಿತ್ತು. ಮದುಮಗಳು ಎಷ್ಟೇ ಕಪ್ಪಗಿರಲಿ, ಫೋಟೋದಲ್ಲಿ ಬೆಳ್ಳಗೆ ಕಾಣಬೇಕು. ಅದಕ್ಕೆ ಕ್ಯಾಮೆರಾದಲ್ಲೇ ಬೆಳಕು ಏರಿಸುತ್ತಿದ್ದ. ಹಣೆ, ಮೂಗು, ಕೆನ್ನೆಯ ಏರು, ಎಲ್ಲೆಲ್ಲಿ ಎಣ್ಣೆ ಮಿಂಚುತ್ತದೋ ಅಲ್ಲೆಲ್ಲ ಸುಣ್ಣ ಹೊಡೆದ ಹಾಗೆ ಬಿಳುಪು. "ಬೆಳ್ಳಗ ಬಂದ್ರ ಗಿರಾಕಿ ಖುಷ್" ಎನ್ನುತ್ತಿದ್ದ. ಗಿರಾಕಿಗಳೂ ಖುಷಿಯಾಗಿಯೇ ಇದ್ದರು, ಸುಳ್ಳು ಯಾಕೆ ಹೇಳಲಿ.

ಜೊತೆಗೆ ಅವನು ತೆಗೆಯುತ್ತಿದ್ದದ್ದು ಬರೀ ಜೆಪೆಗ್. ರಾ ಫೈಲ್ ಎಂದರೆ ಮೂಗು ಮುರಿಯುತ್ತಿದ್ದ. ಕಾರ್ಡು ಬೇಗ ತುಂಬುತ್ತದೆ, ಕಂಪ್ಯೂಟರ್ ಕುಂಟುತ್ತದೆ, ಯಾರು ಕೂತು ಕಾಯಬೇಕು ಎನ್ನುವುದು ಅವನ ವಾದ. ರಾ ಅಂದರೆ ಕ್ಯಾಮೆರಾದ ಕಣ್ಣಿಗೆ ಎಷ್ಟು ಬೆಳಕು ಬಿತ್ತೋ ಅಷ್ಟನ್ನೂ ಅಡುಗೆ ಮಾಡದೆ ಹಾಗೇ ಇಟ್ಟುಕೊಂಡ ಲೆಕ್ಕ. ಜೆಪೆಗ್ ಅಂದರೆ ಕ್ಯಾಮೆರಾನೇ ಅಡುಗೆ ಮಾಡಿ ಬಡಿಸಿದ ತಟ್ಟೆ. ಬಣ್ಣ ಅದೇ ನಿರ್ಧರಿಸುತ್ತದೆ, ಹೊಳಪು ಅದೇ ಏರಿಸುತ್ತದೆ, ತನ್ನ ಅಳತೆಗಿಂತ ಮೇಲಿದ್ದ ಬೆಳಕನ್ನೆಲ್ಲ ಬರೀ ಬಿಳಿ ಎಂದು ಬರೆದು ಉಳಿದದ್ದನ್ನು ಚೆಲ್ಲಿಬಿಡುತ್ತದೆ. ಚೆಲ್ಲಿದ್ದು ನನ್ನ ಕಂಪ್ಯೂಟರಿಗೆ ಬರುವುದೇ ಇಲ್ಲ. ಇದನ್ನು ಎಂಟು ವರ್ಷದಲ್ಲಿ ಎಂಬತ್ತು ಸಲ ಅವನಿಗೆ ಹೇಳಿದ್ದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ನಾಲ್ಕು ವರ್ಷದ ಹಿಂದೆ ಕಮಲಾಪುರದ ಲಲಿತಾಬಾಯಿ ಎಂಬವರ ಮಗಳ ಮದುವೆಯನ್ನು ಅವನು ತೆಗೆದ. ಮೇ ತಿಂಗಳ ಬಿಸಿಲು, ಮೇಲೆ ಫ್ಲಾಶ್, ಅದರ ಮೇಲೆ ಅವನ ರೋಗ. ಅಕ್ಷತೆ ಬಿದ್ದ ಕೂಡಲೇ ಹುಡುಗಿಯ ಅಪ್ಪ ದೇವೀಂದ್ರಪ್ಪ ಮಗಳ ತಲೆಯ ಮೇಲೆ ಕೈಯಿಟ್ಟು ನಿಂತ ಫೋಟೋ ಒಂದಿತ್ತು. ಇಬ್ಬರ ಹಣೆಯೂ ಇರಲಿಲ್ಲ. ಹಣೆಯ ಜಾಗದಲ್ಲಿ ಖಾಲಿ ಕಾಗದ. ನಾನು ಬೆಳಕು ಇಳಿಸಿ ನೋಡಿದೆ. ಬಿಳಿ ಹೋಗಿ ಬೂದಿ ಬಣ್ಣ ಬಂತು, ಅಂಚಿಗೆ ಹಳದಿ ಕಟ್ಟಿತು, ಚರ್ಮ ಮಾತ್ರ ಬರಲಿಲ್ಲ. ಇದರಲ್ಲಿ ಏನೂ ಇಲ್ಲ ಎಂದು ಯಶವಂತನಿಗೆ ಹೇಳಿದೆ. "ಏನರ ಮಾಡು, ಆಲ್ಬಮ್ ನಾಳಿ ಹೋಗ್ಬೇಕು" ಎಂದ. ಕೆನ್ನೆಯ ಚರ್ಮ ಕತ್ತರಿಸಿ ಹಣೆಗೆ ಹಚ್ಚಿದೆ. ಗೋಡೆಗೆ ಸಿಮೆಂಟ್ ಮೆತ್ತಿದ ಹಾಗೆ ಕಂಡಿತು.

ಲಲಿತಾಬಾಯಿ ಆಲ್ಬಮ್ ಹಿಡಿದುಕೊಂಡು ಸ್ಟುಡಿಯೋಕ್ಕೆ ಬಂದರು. ಜೊತೆಗೆ ಆರು ಜನ ನೆಂಟರು. ಯಶವಂತ ಕುರ್ಚಿಯಿಂದ ಎದ್ದವನೇ ನನ್ನ ಕಡೆ ಬೊಟ್ಟು ಮಾಡಿದ.

"ನಾ ತೆಗೆದ ಫೋಟೋ ಬೆಣ್ಣಿ ಹಂಗ ಇತ್ರಿ ಬಾಯಾರ. ಇಕಿ ಕಂಪ್ಯೂಟರ್‌ನಾಗ ಸುಟ್ಟಾಳ. ಕೈ ಮುಗಿ ವಿದ್ಯಾ, ತಪ್ಪಾತು ಅನ್ನು."

ಕೈ ಮುಗಿದೆ. ತಪ್ಪಾಯಿತು ಎಂದೆ. ಆ ಹೊತ್ತಿಗೆ ಬಾಯಿ ತೆರೆದು ಒಂದು ಮಾತು ಆಡಲಿಲ್ಲವಲ್ಲ ಎಂದು ನಾಲ್ಕು ವರ್ಷ ನನ್ನನ್ನೇ ನಾನು ತಿಂದುಕೊಂಡಿದ್ದೇನೆ. ಅಷ್ಟಕ್ಕೇ ಅವನು ಬಿಡಲಿಲ್ಲ. ಜಿಲ್ಲೆಯ ಫೋಟೋಗ್ರಾಫರುಗಳೆಲ್ಲ ಇರುವ ವಾಟ್ಸಾಪ್ ಗುಂಪಿನಲ್ಲಿ ಬರೆದ: ವಿದ್ಯಾವತಿ ಕೈಗೆ ಮುಖದ ಕೆಲಸ ಕೊಡಬೇಡಿ, ಹಣೆ ಸುಡುತ್ತಾಳೆ. ಕೆಳಗೆ ನಗುವ ಚಿತ್ರಗಳು ಸಾಲುಗಟ್ಟಿದವು. ಒಂದು ವರ್ಷ ಒಬ್ಬನೂ ಫೋನ್ ಮಾಡಲಿಲ್ಲ. ಸ್ಟುಡಿಯೋ ಬಿಟ್ಟು ಕುಸನೂರಿನಲ್ಲಿ ಒಂದು ಖೋಲಿ ಹಿಡಿದು ಯೂನಿವರ್ಸಿಟಿ ಹುಡುಗರ ಪಾಸ್‌ಪೋರ್ಟ್ ಫೋಟೋ ತೆಗೆದು ದಿನ ದೂಡಿದೆ. ಯಶವಂತ ಒಂದು ದಿನ ಆ ಮಾತನ್ನು ನುಂಗಬೇಕು, ಲಲಿತಾಬಾಯಿಯ ಎದುರೇ ನುಂಗಬೇಕು. ಬೇರೆ ಹರಕೆ ಏನನ್ನೂ ನಾನು ಹೊರಲಿಲ್ಲ.

ಮೊದಲು ನನ್ನ ಖೋಲಿಗೆ ಕೆಲಸ ತಂದವನು ಝಹೀರ್. ಊರಿನ ಫೋಟೋಗ್ರಾಫರುಗಳಲ್ಲಿ ಕಮ್ಮಿ ಮಾತಿನವನು, ರಾ ಇಲ್ಲದೆ ಒಂದು ಫೋಟೋ ತೆಗೆಯದವನು. ಹೋದ ತಿಂಗಳು ಒಂದು ಬೆಳಿಗ್ಗೆ ಬಂದು ಚಹಾ ಕೂಡ ಕೇಳದೆ ಮೇಜಿನ ಮೇಲೆ ಕಾರ್ಡು ಇಟ್ಟ.

"ಅಕ್ಕಾ, ಯಶವಂತ ಸೇಠ್ ಮಗಳ ಸುರಗಿ ಫೋಟೋ ಅದಾವ. ನಿನ್ನೆ ಅವರ ಮನ್ಯಾಗ ತೆಗೆದೆ, ಐವಾನ್-ಎ-ಶಾಹಿ ಓಣ್ಯಾಗ."

ಸುರಗಿ ಎಂದರೆ ನಾಲ್ಕು ಮೂಲೆಗೆ ತಂಬಿಗೆಯಿಟ್ಟು ಸುತ್ತ ನೂಲು ಸುತ್ತಿ, ನಡುವೆ ಮದುಮಗಳನ್ನು ಕೂಡಿಸಿ ನೀರು ಹಾಕುವ ಶಾಸ್ತ್ರ. ಅವತ್ತು ಮುಖಕ್ಕೆ ಬಣ್ಣ ಇರುವುದಿಲ್ಲ, ಇದ್ದರೂ ನೀರಿಗೆ ನಿಲ್ಲುವುದಿಲ್ಲ.

"ನನ್ನ ಹತ್ರ ಯಾಕ ತಂದಿ? ಅವನ ಸ್ಟುಡಿಯೋ ಅದ ಅಲ್ಲ?" ಎಂದೆ. ಅವನ ಹೆಸರು ಕೇಳಿದರೇ ನನ್ನ ನೆತ್ತಿ ಕಾಯುತ್ತದೆ.

"ಕೇಳು ಪೂರಾ. ಅವರು ಹಿಂದ ನಿಂತು ಹುಕುಂ ಮಾಡಾಕತ್ತಿದ್ರು. ಬೆಳಕು ಏರ್ಸು, ಇನ್ನಾ ಏರ್ಸು, ಒಂದೂವರಿ ಸ್ಟಾಪ್ ಏರ್ಸು ಅಂದ್ರು. ಸೇಠ್, ಮುಖ ಸುಡ್ತದ ಅಂದೆ. ಸುಡ್ಲಿ ಅಂದ್ರು. ಜೆಪೆಗ್ ಇಡು, ರಾ ಬ್ಯಾಡ ಅಂದ್ರು. ಕೆಲಸ ಮುಗಿದ ಕೂಡ್ಲೇ ಕಾರ್ಡ್ ಇಸ್ಕೊಂಡ್ರು."

"ಮತ್ತ ಇದು?"

ಝಹೀರ್ ನಕ್ಕ. "ನನ್ನ ಕ್ಯಾಮೆರಾದಾಗ ಎರಡು ಕಾರ್ಡ್ ಇರ್ತಾವ. ಒಂದರಾಗ ಜೆಪೆಗ್, ಇನ್ನೊಂದ್ರಾಗ ರಾ. ಅವರ ಹಳೀ ಕ್ಯಾಮೆರಾಕ್ಕ ಒಂದೇ ಖಾನಾ, ಎರಡನೇದು ನೆನಪಾಗ್ಲಿಲ್ಲ. ನಾ ಹೇಳ್ಲಿಲ್ಲ. ನಾಳಿ ಆ ಹುಡುಗಿ ಮುಖ ಇಲ್ಲಂತ ಅತ್ರ ಸೇಠ್ ನನ್ನ ಮ್ಯಾಲ ಹಾಕ್ತಾರ, ನಿನ್ನ ಮ್ಯಾಲ ಹಾಕಿದಂಗ. ಅದಕ ಒಂದು ಸಾಕ್ಷಿ ಇರ್ಲಿ ಅಂತ."

ಎರಡೂ ಫೈಲು ಅಕ್ಕಪಕ್ಕ ತೆರೆದೆ. ಕ್ಯಾಮೆರಾ ಮಾಡಿದ ಜೆಪೆಗ್ಗಿನ ಒಂದು ನಕಲು ರಾ ಫೈಲಿನೊಳಗೇ ಅಡಗಿರುತ್ತದೆ, ಅದನ್ನು ಹೊರಗೆ ತೆಗೆದೆ. ಅದರಲ್ಲಿ ಯಶವಂತನ ಮಗಳು ದಾಕ್ಷಾಯಣಿ ನೂಲಿನ ನಡುವೆ ಕೂತಿದ್ದಳು, ಒದ್ದೆ ಕೂದಲು, ಕಣ್ಣು, ತುಟಿ ಎಲ್ಲ ಇದ್ದವು. ಹುಬ್ಬಿನ ಮೇಲೆ ಮಾತ್ರ ಏನೂ ಇರಲಿಲ್ಲ. ಬೆಳಕು ಇಳಿಸುವ ಗುಂಡಿ ಎಳೆದೆ. ಅದೇ ಬೂದಿ. ನಾಲ್ಕು ವರ್ಷದ ಹಿಂದಿನ ಅದೇ ಬೂದಿ.

ರಾ ಫೈಲಿನಲ್ಲಿ ಅದೇ ಗುಂಡಿ ಎಳೆದೆ. ಹಣೆ ಬಂತು. ಮೊದಲು ಕೂದಲಿನ ಬುಡ ಕಂಡಿತು, ಆಮೇಲೆ ನೀರಿನ ಹನಿ, ಆಮೇಲೆ ಚರ್ಮದ ಸಣ್ಣ ಗೆರೆಗಳು. ಚರ್ಮಕ್ಕೆ ಕೆಂಪು ಬಹಳ ಬೇಕು. ಕ್ಯಾಮೆರಾ ಜೆಪೆಗ್ ಮಾಡುವಾಗ ಕೆಂಪನ್ನು ಎತ್ತಿ ಹಿಡಿಯುತ್ತದೆ, ಅದಕ್ಕೇ ಮೊದಲು ಉಕ್ಕುವುದು ಕೆಂಪು. ರಾ ಫೈಲಿನಲ್ಲಿ ಆ ಎತ್ತುವ ಕೆಲಸ ಇನ್ನೂ ಆಗಿರುವುದಿಲ್ಲ, ಆದ್ದರಿಂದ ಅಲ್ಲಿ ಕೆಂಪು ಸುರಕ್ಷಿತವಾಗಿ ಕೂತಿತ್ತು. ಎಲ್ಲವೂ ಬಂತು ಎಂದಲ್ಲ. ಮೂಗಿನ ತುದಿಯ ನೀರಿನ ಹನಿ ಮೇಲೆ ಬಿಸಿಲು ನೇರ ಹೊಡೆದಿತ್ತು, ಅಲ್ಲಿ ಕ್ಯಾಮೆರಾದ ಕಣ್ಣೇ ತುಂಬಿಹೋಗಿತ್ತು. ಅದು ರಾದಲ್ಲೂ ಬಿಳಿಯಾಗಿಯೇ ಉಳಿಯಿತು. ರಾ ಎಂದರೆ ಮಂತ್ರವೇನಲ್ಲ, ಇದ್ದದ್ದನ್ನು ಕೊಡುತ್ತದೆ.

ಇನ್ನಷ್ಟು ಇಳಿಸಿದಾಗ ಹಣೆಯ ಎಡಕ್ಕೆ ಒಂದು ಗೆರೆ ಮೂಡಿತು. ನನ್ನ ಕೈ ತಪ್ಪೋ ಎಂದುಕೊಂಡೆ. ಇನ್ನೊಂದು ಫೋಟೋ ತೆರೆದೆ, ಮತ್ತೊಂದು ತೆರೆದೆ. ಎಲ್ಲದರಲ್ಲೂ ಅದೇ ಜಾಗ, ಅದೇ ಆಕಾರ. ಎಡ ಹುಬ್ಬಿನಿಂದ ಕೂದಲಿನವರೆಗೆ ಅಂಗೈ ಅರ್ಧದಷ್ಟು ಬಿಳಿ ಮಚ್ಚೆ.

"ತೊನ್ನು" ಎಂದೆ.

"ಸಫೇದ್ ದಾಗ್" ಎಂದ ಝಹೀರ್. "ನನಗೂ ತೆಗೆವಾಗ ಕಂಡಿತ್ತು. ಮನಿಯೋರು ಮಾತಾಡ್ಲಿಲ್ಲ, ನಾನೂ ಮಾತಾಡ್ಲಿಲ್ಲ."

ಆಗ ಎಲ್ಲ ತಿಳಿಯಿತು. ಮಚ್ಚೆಯನ್ನು ನನ್ನಂಥವರು ಅಳಿಸಿಕೊಡಬಹುದಿತ್ತು, ಹತ್ತು ನಿಮಿಷದ ಕೆಲಸ. ಆದರೆ ಅಳಿಸಲು ಕೊಡಬೇಕೆಂದರೆ ಮೊದಲು ತೋರಿಸಬೇಕು. ಎಡಿಟರ್ ಬಾಯಿಗೆ ಬೀಗವಿಲ್ಲ ಎಂದು ಯಶವಂತನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅದಕ್ಕೇ ಎಲ್ಲಿಯೂ ಒಂದು ನಕಲೂ ಉಳಿಯದಂತೆ ಮಗಳ ಹಣೆಯನ್ನು ಕ್ಯಾಮೆರಾದಲ್ಲೇ ಸುಡಿಸಿದ್ದ. ಬಿಳಿಯಲ್ಲಿ ಬಿಳಿ ಸೇರಿದರೆ ಯಾರಿಗೆ ಕಾಣಬೇಕು?

ಝಹೀರ್ ಇನ್ನೊಂದು ಸುದ್ದಿ ಹೇಳಿದ. ಮದುವೆ ಕಮಲಾಪುರದಲ್ಲಿ, ಗಂಡಿನ ಊರಿನಲ್ಲಿ. ಗಂಡು ವಿವೇಕಾನಂದ. ಅವನ ತಾಯಿಯ ಸ್ವಂತ ತಂಗಿ ಬೇರೆ ಯಾರೂ ಅಲ್ಲ, ಲಲಿತಾಬಾಯಿ. ಮಂಟಪದಲ್ಲಿ ದೊಡ್ಡ ಎಲ್‌ಇಡಿ ಪರದೆ ಇರುತ್ತದೆ, ಅಕ್ಷತೆಗೆ ಮುಂಚೆ ಸುರಗಿ ಫೋಟೋ ಓಡಿಸಬೇಕು, ಆ ಕೆಲಸಕ್ಕೆ ಝಹೀರನಿಗೆ ಕಂಪ್ಯೂಟರ್ ಬಲ್ಲವರು ಒಬ್ಬರು ಬೇಕು.

"ನಾ ಬರ್ತೀನಿ" ಎಂದೆ. ಅವನು ಮದುವೆಯ ತಾರೀಖು ಹೇಳಿ ಎದ್ದ.

ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ನಕ್ಕೆ. ನಾಚಿಕೆ ಇಲ್ಲದೆ ಹೇಳುತ್ತೇನೆ, ಆ ಮಚ್ಚೆ ನೋಡಿ ನನಗೆ ಹಬ್ಬವಾಯಿತು. ಮಾಡಿದ್ದುಣ್ಣೋ ಮಹಾರಾಯ. ಫೋಟೋ ತಿದ್ದಿ, ಮಚ್ಚೆಯ ಅಂಚು ಇನ್ನೂ ಸ್ಪಷ್ಟವಾಗುವಂತೆ ಚರ್ಮದ ಬಣ್ಣ ಸರಿಮಾಡಿ ಪೆನ್‌ಡ್ರೈವಿಗೆ ಹಾಕಿದೆ. ನನ್ನ ಕಡೆಯಿಂದ ಒಂದು ಚುಕ್ಕೆ ಕೂಡಿಸಲಿಲ್ಲ, ಒಂದು ಚುಕ್ಕೆ ಕಳೆಯಲಿಲ್ಲ. ಕೂಡಿಸುವ ಗರಜೇ ಇರಲಿಲ್ಲ.

ಎರಡು ದಿನ ಬಿಟ್ಟು ಮಧ್ಯಾಹ್ನ ಬಾಗಿಲಿಗೆ ಒಂದು ಸ್ಕೂಟಿ ನಿಂತಿತು. ಹೆಲ್ಮೆಟ್ ತೆಗೆದಳು, ದಾಕ್ಷಾಯಣಿ. ಚಿಕ್ಕವಳಿದ್ದಾಗ ಸ್ಟುಡಿಯೋಕ್ಕೆ ಬಂದು ನನ್ನ ಮೇಜಿನ ಕೆಳಗೆ ಆಡಿದವಳು. ಹಣೆಗೆ ದಪ್ಪ ಮೇಕಪ್ ಇತ್ತು.

"ಯಕ್ಕಾ, ಝಹೀರ್ ಅಣ್ಣಾರು ಹೇಳಿದ್ರು. ನನ್ನ ಮುಖ ನಿಮ್ಮ ಹತ್ರ ಅದ ಅಂತ" ಎಂದಳು.

ತೋರಿಸಿದೆ. ಬಹಳ ಹೊತ್ತು ನೋಡಿದಳು.

"ಅಪ್ಪನ ಕಾರ್ಡ್‌ನಾಗ ನೋಡಿ ಅತ್ತಿದ್ದೆ. ನಾನ ಇಲ್ಲ ಅಲ್ಲಿ. ಇದು ನಾ."

"ಗಂಡಿನ ಕಡ್ಯೋರಿಗೆ ಗೊತ್ತದ?"

"ವಿವೇಕ ಅವರಿಗೆ ಗೊತ್ತದ. ಎರಡನೇ ಸಲ ಭೇಟಿಯಾದಾಗ ನಾನ ಒರೆಸಿ ತೋರಿಸಿದೆ. ಇದು ಅಂಟು ಜಾಡ್ಯ ಅಲ್ಲಂತ ಡಾಕ್ಟರ್ ಹೇಳ್ಯಾರ, ಅದನ್ನೂ ಹೇಳಿದೆ. ಅವರು ಏನ್ ಅನ್ಲಿಲ್ಲ. ಹಿರ್ಯಾರಿಗೆ ಹೇಳೂಣು ಅಂದ್ರ ಅಪ್ಪ ನನ್ನ ಕಡಿಂದ ಆಣಿ ಮಾಡಿಸ್ಕೊಂಡಾರ. ಬಾಯಿ ಬಿಟ್ಟು ಹೇಳಬಾರ್ದಂತ." ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಬಾಯಿ ಬಿಡಂಗಿಲ್ಲ ನಾ. ಇದನ್ನ ಮಂಟಪದಾಗ ಹಾಕ್ರಿ. ಅಕ್ಷತಿಗಿ ಮುಂಚೆ ಹಾಕ್ರಿ. ಆಮ್ಯಾಲ ಹಾಕಿದ್ರ ಮೋಸ ಆಗ್ತದ."

ಅಷ್ಟರಲ್ಲಿ ಅವಳ ಕಣ್ಣು ಪೆನ್‌ಡ್ರೈವ್ ಮೇಲೆ ಬಿತ್ತು. ನಾನು ಅದರ ಮೇಲೆ ಚೀಟಿ ಅಂಟಿಸಿ 'ಕಮಲಾಪುರ' ಎಂದು ಬರೆದಿದ್ದೆ.

"ನಾ ಕೇಳೂಕಿಂತ ಮೊದಲ ತಯಾರ್ ಮಾಡೀರೇನು?"

"ಹೂಂ" ಎಂದೆ. ಆ ಹುಡುಗಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ನನ್ನ ಕೇಳದೆ?"

"ನಿನ್ನ ಕೇಳದೆ."

ಅವಳ ಮುಖ ಕೆಂಪಾಯಿತು. ಎದ್ದು ಹೋಗುತ್ತಾಳೆ, ಹೋಗಲಿ, ಇನ್ನೆಂದೂ ಮುಖ ನೋಡದಿರಲಿ, ನನಗದು ಆಗಬೇಕಾದದ್ದೇ ಎಂದುಕೊಂಡೆ. ಅವಳು ಹೋಗಲಿಲ್ಲ.

"ಹಾಕ್ರಿ" ಎಂದಳು. "ಆದ್ರ ನಿಮ್ಮ ಸಿಟ್ಟಿಗಿ ಹಾಕಬ್ಯಾಡ್ರಿ. ನಾ ಹೇಳೀನಂತ ಹಾಕ್ರಿ."

ಹೂಂ ಎಂದೆ. ಸಿಟ್ಟು ಅಷ್ಟು ಸುಲಭಕ್ಕೆ ಬಾಡಿಗೆ ಮನೆ ಖಾಲಿ ಮಾಡುವುದಿಲ್ಲ ಎಂದು ಅವಳಿಗೆ ಹೇಳಲಿಲ್ಲ.

ಮದುವೆಯ ದಿನ ಬೆಳಿಗ್ಗೆ ಝಹೀರನ ಗಾಡಿಯಲ್ಲಿ ಹುಮನಾಬಾದ ರೋಡ್ ಹಿಡಿದು ಕಮಲಾಪುರಕ್ಕೆ ಹೋದೆ. ರೋಡಿನ ಬದಿಗೆ ಕೆಂಪು ಬಾಳೆಹಣ್ಣಿನ ಗೊನೆ ನೇತುಹಾಕಿಕೊಂಡು ಮಾರುತ್ತಿದ್ದರು. ಝಹೀರ್ ನಿಲ್ಲಿಸಿ ಕೊಂಡ. ನನ್ನ ಪಾಲಿನದನ್ನು ಚೀಲದಲ್ಲಿ ಇಟ್ಟುಕೊಂಡೆ.

ಮಂಟಪದಲ್ಲಿ ಪರದೆಯ ಪಕ್ಕ, ಮೇಜಿನ ಹಿಂದೆ ಕೂತೆ. ಯಶವಂತ ರೇಷ್ಮೆ ರುಮಾಲು ಸುತ್ತಿಕೊಂಡು ಬೀಗರನ್ನು ಮಾತಾಡಿಸುವ ಗಡಿಬಿಡಿಯಲ್ಲಿದ್ದ, ನನ್ನ ಕಡೆ ನೋಡಲಿಲ್ಲ. ಮೊದಲ ಸಾಲಿನಲ್ಲಿ ಗಂಡಿನ ತಾಯಿಯ ಪಕ್ಕ ಲಲಿತಾಬಾಯಿ ಕೂತಿದ್ದರು. ನಾಲ್ಕು ವರ್ಷದಲ್ಲಿ ಬಹಳ ಇಳಿದುಹೋಗಿದ್ದರು. ಹಣೆಯ ಮೇಲೆ ಕುಂಕುಮ ಇರಲಿಲ್ಲ.

ಅಕ್ಷತೆಗೆ ಅರ್ಧ ತಾಸು ಇತ್ತು. ವೇದಿಕೆಯ ಮೇಲಿಂದ ದಾಕ್ಷಾಯಣಿ ನನ್ನ ಕಡೆ ನೋಡಿ ತಲೆ ಆಡಿಸಿದಳು. ನಾನು ಮೊದಲು ಯಶವಂತನ ಜೆಪೆಗ್ ಹಾಕಿದೆ, ಹಣೆಯಿಲ್ಲದ ಮಗಳು. ಆಮೇಲೆ ಅದೇ ಫೋಟೋ, ರಾದಿಂದ ತೆಗೆದದ್ದು. ಹನ್ನೆರಡು ಅಡಿ ಎತ್ತರದ ಮುಖ, ಒದ್ದೆ ಕೂದಲು, ಎಡ ಹಣೆಯ ಮೇಲೆ ಬಿಳಿ ಮಚ್ಚೆ.

ಮಂಟಪದಲ್ಲಿ ಮಾತು ನಿಂತಿತು. ಮಕ್ಕಳು ಮಾತ್ರ ಓಡಾಡುತ್ತಿದ್ದರು.

"ಹಣಿ ಮ್ಯಾಗ ಏನದು?" ಎಂದು ಲಲಿತಾಬಾಯಿ ಅಕ್ಕನನ್ನು ಕೇಳಿದ್ದು ಎಲ್ಲರಿಗೂ ಕೇಳಿಸಿತು.

ಯಶವಂತ ಓಡಿಬಂದ. ಪರದೆಯ ಪಕ್ಕ ನನ್ನನ್ನು ಕಂಡ. ಆಮೇಲೆ ನಾಲ್ಕು ವರ್ಷದ ಹಿಂದಿನ ಅದೇ ಬೊಟ್ಟು ಮೇಲೆದ್ದಿತು.

"ಇಕಿನ! ಇಕಿದ ಕೆಲಸ ಇದು! ಹಳೀ ಸಿಟ್ಟಿಗಿ ಕಂಪ್ಯೂಟರ್‌ನಾಗ ಕಲಿ ಹಚ್ಯಾಳ್ರಿ! ನನ್ನ ಮಗಳ ಮುಖ ಚಂದ್ರ ಇದ್ದಂಗ ಅದ. ಬಾಯಾರ, ನಿಮ್ಮ ಮಗಳ ಮದುವ್ಯಾಗೂ ಹಣಿ ಸುಟ್ಟಾಕಿ ಇಕಿನ ಅಲ್ಲೇನು!"

ಅವನು ಹಾಗೆ ಹೇಳುತ್ತಾನೆಂದು ನಾನು ಲೆಕ್ಕ ಹಾಕಿರಲಿಲ್ಲ. ಹಾಕಿದ್ದರೂ ಇಷ್ಟು ಚೆನ್ನಾಗಿ ಕುಣಿಕೆಗೆ ಕೊರಳು ಕೊಡುತ್ತಾನೆಂದು ನಂಬುತ್ತಿರಲಿಲ್ಲ. ಉತ್ತರ ಕೊಡಬೇಕಾದವಳು ವೇದಿಕೆಯ ಮೇಲಿದ್ದಳು.

ದಾಕ್ಷಾಯಣಿ ಬಾಯಿ ಬಿಟ್ಟು ಆಣೆ ಮುರಿಯಲಿಲ್ಲ. ಗೆಳತಿಯ ಕೈಯಿಂದ ಒದ್ದೆ ಬಟ್ಟೆ ತೆಗೆದುಕೊಂಡು ಹಣೆ ಒರೆಸಿದಳು. ಒಂದು ಸಲ, ಎರಡು ಸಲ. ಬಾಸಿಂಗ ಸರಿಸಿ ಮೂರನೇ ಸಲ. ಪರದೆಯಲ್ಲಿ ಎಲ್ಲಿತ್ತೋ ಮುಖದ ಮೇಲೂ ಅಲ್ಲೇ ಇತ್ತು.

ಗಂಡು ಎದ್ದು ನಿಂತ. "ಅವ್ವಾ, ನನಗ ಮೊದಲ ಗೊತ್ತದ. ನಾ ಒಪ್ಪೀನಿ" ಎಂದ. ಅವನ ತಾಯಿ ಮಗನನ್ನು ನೋಡಿದರು, ಹುಡುಗಿಯನ್ನು ನೋಡಿದರು, ಆಮೇಲೆ ಯಶವಂತನನ್ನು ನೋಡಿದರು. "ಹುಡುಗಿ ಖರೆ ಇದ್ದಾಳ. ಬೀಗರಿಗೇ ಖರೆ ಹೇಳಾಕ ಆಗ್ಲಿಲ್ಲ" ಎಂದರು. ಆ ಮಾತಿಗೆ ಯಶವಂತನ ರುಮಾಲು ಒಂದು ಗೇಣು ಕುಗ್ಗಿದ ಹಾಗೆ ಕಂಡಿತು. ನಾನು ಕಣ್ತುಂಬ ನೋಡಿದೆ.

ಆದರೆ ಲಲಿತಾಬಾಯಿ ಎದ್ದು ನನ್ನ ಮೇಜಿನ ಕಡೆ ಬರುತ್ತಿದ್ದರು. ಮೆಲ್ಲಗೆ ಬಂದರು.

"ಕಂಪ್ಯೂಟರ್‌ನಾಗ ಹಚ್ಯಾಳಂದ್ರು. ಹಚ್ಚಿಲ್ಲ, ಮುಖದ ಮ್ಯಾಗೇ ಅದ. ಹಂಗಾರ ಇಂವಾ ಅವತ್ತ ನನಗ ಹೇಳಿದ್ದು?" ಎಂದರು. "ಹೆಂಗ ಮಾಡಿದಿ ಇದನ್ನ? ನನಗ ತೋರ್ಸು."

ದೊಡ್ಡ ಪರದೆಯ ಮೇಲೇ ತೋರಿಸಿದೆ. ಯಶವಂತನ ಜೆಪೆಗ್ ತೆರೆದು ಬೆಳಕು ಇಳಿಸಿದೆ. ಮಂಟಪದ ಅಷ್ಟೂ ಜನರ ಮುಂದೆ ಅವನ ಮಗಳ ಹಣೆ ಬೂದಿಯಾಯಿತು. ರಾ ತೆರೆದು ಅಷ್ಟೇ ಇಳಿಸಿದೆ. ಚರ್ಮ ಬಂತು.

"ಒಂದೇ ಹೊತ್ತಿಗಿ, ಒಂದೇ ಕ್ಯಾಮೆರಾದಾಗ ತೆಗೆದದ್ದು ಎರಡೂ" ಎಂದೆ. "ಇದರಾಗ ಕ್ಯಾಮೆರಾ ನೋಡಿದ್ದೆಲ್ಲಾ ಇರ್ತದ್ರಿ, ಇಳಿಸಿದ್ರ ಬರ್ತದ. ಅದರಾಗ ಉಕ್ಕಿದ್ದು ಹೊರಗ ಹೋಗಿರ್ತದ. ಹಾಲು ಉಕ್ಕಿ ಒಲಿಗಿ ಬಿದ್ದ ಮ್ಯಾಲ ಬೋಗಾಣಿ ಎಷ್ಟ್ ಕೆರೆದ್ರ ಏನ್ ಬರ್ತದ್ರಿ? ಕಂಪ್ಯೂಟರ್‌ನಾಗ ಕುಂತಾಕಿ ಇದ್ದದ್ದನ್ನ ಇಳಿಸಬಹುದು. ಇಲ್ಲದ್ದನ್ನ ಎಲ್ಲಿಂದ ತರ್ಲಿ?"

ಲಲಿತಾಬಾಯಿಯ ಮುಖದಲ್ಲಿ ಒಮ್ಮೆಲೇ ಏನೋ ಹೊತ್ತಿಕೊಂಡಿತು. ನನ್ನ ತೋಳು ಹಿಡಿದರು.

"ಹಂಗಾರ ನಮ್ಮದೂ ತೆಗಿ ಯವ್ವಾ. ನಮ್ಮ ಮನ್ಯಾಗಿನೋರು ಹೋಗಿ ಮೂರು ವರ್ಷಾತು. ಗ್ವಾಡಿ ಮ್ಯಾಲ ಅದೇ ಫೋಟೋ ಹಾಕೀವಿ, ಮಗಳ ತಲಿ ಮ್ಯಾಲ ಕೈ ಇಟ್ಟದ್ದು. ಮತ್ತೊಂದು ಇಲ್ಲ ನಮ್ಮ ಹತ್ರ. ಮಾಲಿ ಹಾಕಿ ನೋಡಿದ್ರ ಹಣಿ ಇಲ್ಲ, ವಿಭೂತಿ ಇಲ್ಲ. ಅವರ ಹಣಿ ತೆಗಿ. ಹೀಂಗ ಎಳೆದ್ರ ಬರ್ತದಲ್ಲ?"

ನನಗೆ ಉತ್ತರ ಗೊತ್ತಿತ್ತು. ಹೇಳಿದ್ದರೆ ಒಂದು ಮಾತಿಗೆ ಮುಗಿಯುತ್ತಿತ್ತು, ಮೆಲ್ಲಗೆ ಹೇಳಬಹುದಿತ್ತು, ಬದಿಗೆ ಕರೆದು ಹೇಳಬಹುದಿತ್ತು. ನಾನು ಹಾಗೆ ಮಾಡಲಿಲ್ಲ. ನಾಲ್ಕು ವರ್ಷ ಈ ಒಂದು ಗಳಿಗೆಗೆ ಕಾದಿದ್ದೆ.

"ಅವರಿಗೆ ಕೇಳ್ರಿ" ಎಂದೆ. "ತೆಗೆದೋರು ಅವರು."

ಲಲಿತಾಬಾಯಿ ತಿರುಗಿದರು. ಯಶವಂತ ನನ್ನನ್ನು ನೋಡಿದ. ಬೇಡಿಕೊಳ್ಳುವ ನೋಟ ಅದು. ನಾನು ಕಣ್ಣು ತೆಗೆಯಲಿಲ್ಲ. ಪರದೆಯ ಮೇಲೆ ಬೂದಿ ಹಣೆಯ ಫೋಟೋ ಮತ್ತೆ ಹಾಕಿದೆ.

"ಬರ್ತದೇನ್ರಿ?" ಎಂದರು ಲಲಿತಾಬಾಯಿ.

"ಬರಂಗಿಲ್ರಿ" ಎಂದ ಯಶವಂತ. ಅವನ ದನಿ ಹೊರಗೆ ಬರಲಿಲ್ಲ.

"ಹಿಂದಿನೋರಿಗಿ ಕೇಳಂಗಿಲ್ಲ" ಎಂದೆ ನಾನು. ಮೇಜಿನ ಮೇಲಿದ್ದ ಮೈಕನ್ನು ಅವನ ಕೈಗೆ ಕೊಟ್ಟೆ.

ಮೈಕ್ ಬೇಡ ಎನ್ನಲು ಅವನಿಗೆ ದಾರಿ ಇರಲಿಲ್ಲ, ಬೀಗರು ನೋಡುತ್ತಿದ್ದರು. "ಬರಂಗಿಲ್ರಿ ಬಾಯಾರ. ಅದು ಬರೀ ಜೆಪೆಗ್. ಅದರಾಗ ಏನೂ ಇಲ್ಲ. ರಾ ನಾ ತೆಗೀಲೇ ಇಲ್ಲ" ಎಂದ. ಸ್ವಲ್ಪ ತಡೆದು ಹೇಳಿದ, "ತೆಗೆವಾಗನ ನಾ ಸುಟ್ಟಿದ್ದೆ. ವಿದ್ಯಾಂದು ಏನೂ ತಪ್ಪಿರ್ಲಿಲ್ಲ."

ಪೂರ್ತಿ ಹೇಳಿದ. ಕಮಲಾಪುರದ ಮಂಟಪದಲ್ಲಿ, ನಾಲ್ಕು ಸ್ಪೀಕರಿನಲ್ಲಿ ನನ್ನ ಹೆಸರು ತೊಳೆದುಬಂತು. ಎದೆಯ ಮೇಲಿನ ಕಲ್ಲು ಇಳಿಯಿತು. ಹಿಂದಿನ ಸಾಲಿನಲ್ಲಿ ಇಬ್ಬರು ಫೋಟೋಗ್ರಾಫರುಗಳು ಫೋನ್ ಎತ್ತಿ ರೆಕಾರ್ಡ್ ಮಾಡುತ್ತಿದ್ದರು. ಸಂಜೆಯೊಳಗೆ ಗುಂಪಿನ ತುಂಬ ಇದೇ ಇರುತ್ತದೆ ಎಂದು ಗೊತ್ತಾಯಿತು. ಭಟ್ಟರು ಹೊತ್ತು ಮೀರುತ್ತದೆ ಎಂದು ಕೂಗಿದರು, ವಾಲಗ ಶುರುವಾಯಿತು, ಜನ ಅಕ್ಕಿಕಾಳಿಗೆ ಕೈ ಚಾಚಿದರು.

ಲಲಿತಾಬಾಯಿ ಮಾತ್ರ ವೇದಿಕೆಯ ಕಡೆ ಹೋಗಲಿಲ್ಲ. ನನ್ನ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟರು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ.

"ನಾಕು ವರ್ಷ ನಿನಗ ಶಾಪ ಹಾಕೀನಿ ಯವ್ವಾ" ಎಂದರು. "ಆದ್ರ ಮನಸಿನ್ಯಾಗ ಒಂದು ಆಸೆ ಇತ್ತು. ನೀ ಕೆಡಿಸಿದ್ದು ಅಂದ್ರ ಮೊದಲಿಂದು ಎಲ್ಲ್ಯಾರ ಛಲೋನೇ ಇದ್ದೀತು, ಒಂದಿನ ಸಿಕ್ಕೀತು ಅಂತ. ಈಗ ಅದೂ ಇಲ್ಲಂದಂಗಾತು."

ಗೆದ್ದವಳು ನಾನು. ಪರದೆಯ ಮೇಲೆ ಇನ್ನೂ ನಿಂತಿದ್ದ ಬೂದಿ ಹಣೆಯನ್ನು ನಾನೇ ಆರಿಸಿದೆ.